ಬ್ಲೇಜರ್ ಬೇಡ, ಅಳತೆ ಬೇಕು

ಕಳೆದ ವರ್ಷ ಮಾರ್ಚ್ ತಿಂಗಳು. ಜಿಲ್ಲಾ ಕೇಂದ್ರದ ಒಂದು ತರಬೇತಿ ಸಂಸ್ಥೆಯಲ್ಲಿ ಸಂದರ್ಶನಕ್ಕೆ ಹುಡುಗರನ್ನು ತಯಾರು ಮಾಡುತ್ತಾರೆ ಅಂತ ಸುದ್ದಿ ಮಾಡಲು ಹೋಗಿದ್ದೆವು. ನಲವತ್ತು ಜನ ಹುಡುಗ ಹುಡುಗಿಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಎಲ್ಲರೂ ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯ ಹಳ್ಳಿಗಳವರು. ಮುಂದೆ ನಿಂತ ತರಬೇತುದಾರ ಹೇಳಿದ ಮೊದಲ ಮಾತು ಇದು: "ನೀವು ಒಳಗೆ ಕಾಲಿಟ್ಟ ಕೂಡಲೇ ಹಳ್ಳಿಯವರು ಅಂತ ಗೊತ್ತಾಗಬಾರದು." ಎರಡನೇ ಮಾತು, ಹೊರಗಡೆ ಕೌಂಟರಿನಲ್ಲಿ "ಫಾರ್ಮಲ್ ಕಿಟ್" ಇದೆ, ಬ್ಲೇಜರ್, ಟೈ, ಬಿಳಿ ಶರ್ಟು, ಕಪ್ಪು ಪ್ಯಾಂಟು ಎಲ್ಲ ಸೇರಿ 4,500 ರೂಪಾಯಿ, ಎರಡು ಕಂತಿನಲ್ಲಿ ಕೊಟ್ಟರೂ ನಡೆಯುತ್ತೆ.

ಆ ನಲವತ್ತು ಜನರಲ್ಲಿ ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಇದ್ದ. ಬಿ.ಕಾಂ. ಮುಗಿಸಿದವನು. ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದ ಸಹಾಯಕ ಹುದ್ದೆಗೆ ಅವನಿಗೆ ಕರೆ ಬಂದಿತ್ತು. ಅವನ ಅಪ್ಪ ಸೊಸೈಟಿಯ ಕಂತಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಕಿಟ್ ತೆಗೆಸಿಕೊಟ್ಟರು. ಏಪ್ರಿಲ್ ಮೊದಲ ವಾರ ಹುಡುಗ ಅದನ್ನೇ ಹಾಕಿಕೊಂಡು ಹೋದ. ಬ್ಲೇಜರಿನ ಭುಜ ಅವನ ಭುಜಕ್ಕಿಂತ ಎರಡು ಬೆರಳು ಆಚೆ ಇಳಿಬಿದ್ದಿತ್ತು, ತೋಳು ಅಂಗೈ ಮಧ್ಯಕ್ಕೆ ಬರುತ್ತಿತ್ತು. ಒಳಗೆ ಹಾಕಿದ್ದ ಶರ್ಟಿಗೆ ಎದೆಯ ಭಾಗ ಬಿಟ್ಟು ಇನ್ನೆಲ್ಲೂ ಇಸ್ತ್ರಿ ಮಾಡಿರಲಿಲ್ಲ, ಬ್ಲೇಜರ್ ಮುಚ್ಚಿಕೊಳ್ಳುತ್ತದಲ್ಲ ಅಂತ.

ಒಳಗೆ ಮೂವರು ಕೂತಿದ್ದರು. ಮೂವರೂ ಅರ್ಧ ತೋಳಿನ ಶರ್ಟು ಹಾಕಿದ್ದರಂತೆ. ಹುಡುಗನ ಹಣೆಯಿಂದ ಬೆವರು ಇಳಿಯುವುದು ನೋಡಿ ಅವರಲ್ಲಿ ಹಿರಿಯರು ಪಾಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಸೆಕೆ ಇದೆಯಲ್ಲಪ್ಪ, ಕೋಟು ತೆಗೆದು ಆರಾಮಾಗಿ ಕೂತ್ಕೋ." ಇವನು ತೆಗೆಯುವ ಹಾಗಿರಲಿಲ್ಲ. ಬೆನ್ನು ಪೂರ್ತಿ ಸುಕ್ಕು, ಕಂಕುಳ ಪೂರ್ತಿ ಒದ್ದೆ. "ಪರವಾಗಿಲ್ಲ ಸರ್" ಅಂದ. ಆಮೇಲೆ ಅವರು ಕೇಳಿದ ಮೂರು ಪ್ರಶ್ನೆಗೆ ಏನು ಉತ್ತರ ಕೊಟ್ಟೆ ಅಂತ ಅವನಿಗೆ ಇವತ್ತಿಗೂ ನೆನಪಿಲ್ಲ. "ಅಣ್ಣ, ನನ್ನ ತಲೇಲಿ ಆ ಕೋಟು ಬಿಟ್ಟರೆ ಬೇರೇನೂ ಇರಲಿಲ್ಲ" ಅಂತ ನಮ್ಮ ಹತ್ತಿರ ಹೇಳಿದ.

ನಮ್ಮ ಸಿಟ್ಟು ಇಲ್ಲಿಂದ ಶುರುವಾಗಿದ್ದು. ಸಂದರ್ಶನದ ಬಟ್ಟೆಯ ಕೆಲಸ ಒಂದೇ: ಹಾಕಿಕೊಂಡವನು ಅದನ್ನು ಮರೆಯುವ ಹಾಗಿರಬೇಕು, ಎದುರಿಗೆ ಕೂತವರೂ ಮರೆಯುವ ಹಾಗಿರಬೇಕು. ಯಾವ ಬಟ್ಟೆ ಆ ಹತ್ತು ನಿಮಿಷ ಹುಡುಗನ ತಲೆಯಲ್ಲೇ ಕೂತಿರುತ್ತದೋ ಅದಕ್ಕೆ ಎಷ್ಟು ಸಾವಿರ ಕೊಟ್ಟಿದ್ದರೂ ಅದು ಕೆಟ್ಟ ಬಟ್ಟೆ. ನಮ್ಮ ಹಳ್ಳಿಯ ಹುಡುಗರಿಗೆ ಅಂಥ ಬಟ್ಟೆಯನ್ನೇ ಹುಡುಕಿ ಹುಡುಕಿ ಮಾರುತ್ತಿದ್ದಾರೆ.

ಇದಕ್ಕೆ ಎದುರು ಮಾತೂ ಒಂದಿದೆ, ಅದು ನಮ್ಮೂರ ಕಟ್ಟೆಯ ಮೇಲೇ ಕೇಳಿಸುತ್ತದೆ. "ಬಟ್ಟೆ ನೋಡಿ ಕೆಲಸ ಕೊಡ್ತಾರೇನೋ? ತಲೇಲಿ ಇದ್ದರೆ ಸಾಕು, ಹೇಗೆ ಹೋದರೂ ನಡೆಯುತ್ತೆ." ನಾವು ಇದನ್ನೂ ಒಪ್ಪುವುದಿಲ್ಲ. ಕಾಲರಿನ ಕೊಳೆ, ಮಡಿಸಿದ ತೋಳು, ಹವಾಯಿ ಚಪ್ಪಲಿ ನೋಡಿದವರು "ಇವನು ಕಂಪನಿಯ ಗ್ರಾಹಕರ ಎದುರು ಕೂರಬಲ್ಲನಾ" ಅಂತ ಯೋಚನೆ ಮಾಡೇ ಮಾಡುತ್ತಾರೆ. ಅದು ಸರಿಯೋ ತಪ್ಪೋ ಬೇರೆ ಮಾತು, ಆದರೆ ಮಾಡುತ್ತಾರೆ. ಅಚ್ಚುಕಟ್ಟು ಬೇಕೇ ಬೇಕು. ಅಚ್ಚುಕಟ್ಟು ಅಂದರೆ ಬ್ಲೇಜರ್ ಅಂತ ಹೇಳಿಕೊಟ್ಟದ್ದು ಮಾತ್ರ ಮೋಸ.

ಹಾಗಾದರೆ ಅಚ್ಚುಕಟ್ಟು ಎಲ್ಲಿಂದ ಬರುತ್ತದೆ? ಅಳತೆಯಿಂದ. 450 ರೂಪಾಯಿಯ ಶರ್ಟು ಮೈಗೆ ಸರಿಯಾಗಿ ಕೂತರೆ 2,000 ರೂಪಾಯಿಯ ಜೋಲು ಶರ್ಟಿಗಿಂತ ಚೆನ್ನಾಗಿ ಕಾಣುತ್ತದೆ. ಇದು ಯಾವ ದರ್ಜಿಯನ್ನು ಕೇಳಿದರೂ ಹೇಳುತ್ತಾನೆ, ಕಿಟ್ ಮಾರುವವನು ಮಾತ್ರ ಹೇಳುವುದಿಲ್ಲ. ಯಾಕೆಂದರೆ ಕಿಟ್ ಬರುವುದು ಮೂರೇ ಸೈಜಿನಲ್ಲಿ.

ಆ ಹುಡುಗನಿಗೆ ನವೆಂಬರಿನಲ್ಲಿ ಇನ್ನೊಂದು ಕರೆ ಬಂತು, ಅದೂ ಬೆಂಗಳೂರಿನಲ್ಲೇ, ಅದೇ ಥರದ ಕೆಲಸ. ಈ ಸಲ ನಾವು ಅವನ ಜೊತೆ ತಾಲ್ಲೂಕಿನ ಪೇಟೆಗೆ ಹೋದೆವು. ಏನೇನು ಮಾಡಿದೆವು ಅಂತ ಒಂದೊಂದಾಗಿ ಹೇಳುತ್ತೇವೆ. ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ಶರ್ಟು. ರೆಡಿಮೇಡ್ ತೆಗೆದುಕೊಂಡೆವು, ಪೂರ್ತಿ ತೋಳಿನದು, ತಿಳಿ ನೀಲಿ, 480 ರೂಪಾಯಿ. ರೆಡಿಮೇಡ್ ಶರ್ಟಿನಲ್ಲಿ ನೋಡಬೇಕಾದ ಮೊದಲ ಜಾಗ ಭುಜ. ತೋಳು ಭುಜಕ್ಕೆ ಸೇರುವ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಕಡೆಗೇ ಬರಬೇಕು. ಅದರಿಂದ ಕೆಳಗೆ ಜಾರಿದ್ದರೆ ಆ ಶರ್ಟು ಅಣ್ಣನದ್ದೋ ಅಪ್ಪನದ್ದೋ ಅನ್ನುವ ಹಾಗೆ ಕಾಣುತ್ತದೆ. ಭುಜವನ್ನೇ ಹಿಡಿದದ್ದಕ್ಕೆ ಕಾರಣ ಇದೆ. ಹೊಟ್ಟೆಯ ಹತ್ತಿರ ಅಗಲ ಜಾಸ್ತಿ ಇದ್ದರೆ ದರ್ಜಿ ಎರಡೂ ಪಕ್ಕ ಹಿಡಿದು ಹೊಲಿಯುತ್ತಾನೆ, ತೋಳು ಉದ್ದವಿದ್ದರೆ ಗಿಡ್ಡ ಮಾಡುತ್ತಾನೆ. ಭುಜ ಸರಿ ಮಾಡಬೇಕಾದರೆ ತೋಳು, ಕಾಲರು ಎಲ್ಲ ಬಿಚ್ಚಬೇಕು. ಅಷ್ಟು ಖರ್ಚಿನಲ್ಲಿ ಇನ್ನೊಂದು ಶರ್ಟೇ ಬರುತ್ತದೆ. ಅದಕ್ಕೇ ಭುಜ ನೋಡಿ ಕೊಳ್ಳಿ, ಉಳಿದದ್ದನ್ನು ದರ್ಜಿಗೆ ಬಿಡಿ.

ಆಮೇಲೆ ಕಾಲರು. ಮೇಲಿನ ಗುಂಡಿ ಹಾಕಿ, ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಹೋಗಬೇಕು. ಒಂದೂ ಹೋಗದಿದ್ದರೆ ಉಸಿರು ಕಟ್ಟುತ್ತದೆ, ನಾಲ್ಕು ಹೋದರೆ ಕುತ್ತಿಗೆ ಬಡಕಲಾಗಿ ಕಾಣುತ್ತದೆ. ತೋಳು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮೂಳೆಯ ಹತ್ತಿರ ನಿಲ್ಲಬೇಕು. ಕೊನೆಗೆ ಅಂಗಡಿಯಲ್ಲೇ ಕುರ್ಚಿಯ ಮೇಲೆ ಕೂತು ನೋಡಿ. ಹೊಟ್ಟೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಬಿಗಿಯಾಯಿತು ಅಂತ ಅರ್ಥ. ಎದ್ದು ನಿಂತು ಎರಡೂ ಕೈ ಮೇಲೆತ್ತಿ, ಒಳಗೆ ಸಿಕ್ಕಿಸಿದ ಶರ್ಟು ಪ್ಯಾಂಟಿನಿಂದ ಹೊರಗೆ ಬಂದರೆ ಗಿಡ್ಡವಾಯಿತು ಅಂತ ಅರ್ಥ. ಈ ಎರಡು ಪರೀಕ್ಷೆಗೆ ಒಂದು ನಿಮಿಷ ಸಾಕು. ಅಂಗಡಿಯವನು "ನಿಂತಾಗ ಸರಿಯಾಗಿದೆಯಲ್ಲ ಸರ್" ಅಂತಾನೆ. ಸಂದರ್ಶನ ನಡೆಯುವುದು ಕೂತು.

ಬಿಳಿ ಯಾಕೆ ಬೇಡ ಅಂದೆವು ಅಂದರೆ, ಅಗ್ಗದ ಬಿಳಿ ಬಟ್ಟೆ ತೆಳ್ಳಗಿರುತ್ತದೆ. ಒಳಗೆ ಕೈ ಇಟ್ಟು ನೋಡಿ, ಬೆರಳು ಎಣಿಸುವ ಹಾಗೆ ಕಂಡರೆ ಬನಿಯನ್ನೂ ಹಾಗೇ ಕಾಣುತ್ತದೆ. ರಾತ್ರಿ ಬಸ್ಸಿನ ಧೂಳು ಕೂಡ ಬಿಳಿಯ ಮೇಲೆ ಬೇಗ ಹಿಡಿಯುತ್ತದೆ. ತಿಳಿ ನೀಲಿ, ತಿಳಿ ಬೂದು, ಸಣ್ಣ ಗೆರೆ ಇದ್ದದ್ದು ಆದರೆ ಈ ತೊಂದರೆ ಕಡಿಮೆ. ಇನ್ನು ಬಟ್ಟೆ ಯಾವುದು ಅಂತ ನೋಡುವಾಗ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಹತ್ತು ಎಣಿಸಿ ಬಿಡಿ. ಸುಕ್ಕು ಹಾಗೇ ನಿಂತರೆ ಅದು ಬರೀ ಹತ್ತಿ, ಬಸ್ಸಿನಲ್ಲಿ ಉಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಬಿಡಿಸಿಕೊಂಡರೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತದ್ದು, ಪ್ರಯಾಣ ಮಾಡುವವರಿಗೆ ಇದೇ ಒಳ್ಳೆಯದು. ಸುಕ್ಕೇ ಬೀಳದೆ ಜಾರುವ ಹೊಳಪಿನ ಬಟ್ಟೆ ಪೂರ್ತಿ ಪಾಲಿಯೆಸ್ಟರ್, ಅದು ಬೆವರು ಹೀರುವುದಿಲ್ಲ, ಮಧ್ಯಾಹ್ನಕ್ಕೆ ವಾಸನೆ ಹೊಡೆಯುತ್ತದೆ.

ಪ್ಯಾಂಟು ಹೊಲಿಸಿದೆವು. ನಮ್ಮ ಕಡೆ ಪೇಟೆಯಲ್ಲಿ ಒಬ್ಬರು ಹಳೇ ದರ್ಜಿ ಇದ್ದಾರೆ. ಅವರು ಬಟ್ಟೆ ಮೇಜಿನ ಮೇಲೆ ಹಾಕುವ ಮೊದಲು ಹುಡುಗನ ಕಾಲು ನೋಡಿ, "ತಮ್ಮ, ಶೂ ಎಲ್ಲಿ?" ಅಂದರು. ಅವನು ಚಪ್ಪಲಿಯಲ್ಲಿ ಬಂದಿದ್ದ. "ನಾಳೆ ಶೂ ಹಾಕ್ಕೊಂಡು ಬಾ, ಆಮೇಲೆ ಅಳತೆ" ಅಂತ ವಾಪಸ್ ಕಳಿಸಿದರು. ಅವರ ಮಾತು ಸರಿ. ಶೂ ಹಿಮ್ಮಡಿ ಕಾಲನ್ನು ಮುಕ್ಕಾಲು ಇಂಚಿನಿಂದ ಒಂದು ಇಂಚು ಎತ್ತುತ್ತದೆ. ಚಪ್ಪಲಿಯಲ್ಲಿ ಅಳತೆ ಕೊಟ್ಟ ಪ್ಯಾಂಟು ಶೂ ಹಾಕಿದ ದಿನ ಅಷ್ಟು ಮೇಲೆ ಹೋಗುತ್ತದೆ. ಪ್ಯಾಂಟಿನ ಅಂಚು ಮುಂದುಗಡೆ ಶೂ ಮೇಲೆ ಮೆಲ್ಲಗೆ ಕೂರಬೇಕು, ಹಿಂದುಗಡೆ ನೆಲಕ್ಕೆ ತಾಗಬಾರದು.

ಕಡು ಬೂದು ಬಣ್ಣದ ಬಟ್ಟೆ, 58 ಇಂಚು ಅಗಲದ್ದು, ಒಂದೂಕಾಲು ಮೀಟರ್ ಹಿಡಿಯಿತು. ಮೀಟರಿಗೆ 320 ರೂಪಾಯಿ, ಒಟ್ಟು 400. ಹೊಲಿಗೆಗೆ 400. ದರ್ಜಿಗೆ ನಾವು ಕೇಳಿಕೊಂಡದ್ದು ಒಂದೇ, ಸೊಂಟದ ಹಿಂದೆ ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಡಿ ಅಂತ. ಪಟ್ಟಣಕ್ಕೆ ಹೋಗಿ ಕುರ್ಚಿ ಕೆಲಸಕ್ಕೆ ಕೂತ ಹುಡುಗರು ಆರು ತಿಂಗಳಲ್ಲಿ ದಪ್ಪ ಆಗುತ್ತಾರೆ. ಒಳಗೆ ಬಟ್ಟೆ ಇದ್ದರೆ ಐವತ್ತು ರೂಪಾಯಿಗೆ ಸೊಂಟ ಬಿಚ್ಚಿಸಿಕೊಳ್ಳಬಹುದು, ಇಲ್ಲದಿದ್ದರೆ ಪ್ಯಾಂಟನ್ನು ತಮ್ಮನಿಗೆ ಕೊಡಬೇಕು. ಹತ್ತಿ ಹೆಚ್ಚಿರುವ ಬಟ್ಟೆ ಆಗಿದ್ದರೆ ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಮೊದಲ ಒಗೆತಕ್ಕೇ ಗಿಡ್ಡ ಆಗುವುದು ಆಗ ತಪ್ಪುತ್ತದೆ.

ಶೂಗೆ ದುಡ್ಡು ಹಾಕಲಿಲ್ಲ. ಕಾಲೇಜಿಗೆ ಅಂತ ತಂದ ಕಪ್ಪು ಶೂ ಮನೆಯಲ್ಲಿ ಅಟ್ಟದ ಮೇಲೆ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರ ಕೂರುವ ಚಮ್ಮಾರಣ್ಣ ಅಡಿಭಾಗ ಹೊಲಿದು, ಪಾಲಿಶ್ ಹಾಕಿ 100 ರೂಪಾಯಿ ತೆಗೆದುಕೊಂಡರು. ಹೊಸದೇ ಕೊಳ್ಳಬೇಕಾದವರಿಗೆ ಎರಡು ಮಾತು. ನಮ್ಮ ಹುಡುಗರು ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರು, ಪಾದದ ಮುಂಭಾಗ ಅಗಲ. ಚೂಪು ಮೂತಿಯ ಶೂ ಅವರಿಗೆ ಆಗಿಬರುವುದಿಲ್ಲ, ದುಂಡು ಮೂತಿಯದ್ದನ್ನೇ ಕೇಳಿ. ಸಂಜೆ ಹೊತ್ತು ಹೋಗಿ, ಕಾಲುಚೀಲ ಹಾಕಿಕೊಂಡೇ ಹಾಕಿ ನೋಡಿ, ಯಾಕೆಂದರೆ ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ. ತಂದ ಮೇಲೆ ಒಂದು ವಾರ ಮನೆಯಲ್ಲಿ ಹಾಕಿ ಓಡಾಡಿ. ಸಂದರ್ಶನದ ದಿನವೇ ಮೊದಲ ಸಲ ಹಾಕಿದರೆ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಕುಂಟಿಕೊಂಡು ಒಳಗೆ ಹೋಗಬೇಕಾಗುತ್ತದೆ. ಕಾಲುಚೀಲ ಕಪ್ಪು ಅಥವಾ ಕಡು ಬಣ್ಣದ್ದು, ಕೂತಾಗ ಕಾಲಿನ ಚರ್ಮ ಕಾಣದಷ್ಟು ಉದ್ದ ಇರಲಿ.

ಲೆಕ್ಕ ಹೀಗೆ ಬಂತು. ಶರ್ಟು 480, ಅದರ ಪಕ್ಕ ಮತ್ತು ತೋಳು ಸರಿ ಮಾಡಿಸಿದ್ದು 70, ಪ್ಯಾಂಟಿನ ಬಟ್ಟೆ 400, ಹೊಲಿಗೆ 400, ಸಾದಾ ಕಪ್ಪು ಬೆಲ್ಟು 180, ಶೂ ರಿಪೇರಿ 100, ಕಾಲುಚೀಲ 50, ಕ್ಷೌರ 100, ಇಸ್ತ್ರಿ 20. ಒಟ್ಟು 1,800 ರೂಪಾಯಿ. ಕಿಟ್‌ಗಿಂತ 2,700 ಕಡಿಮೆ. ಹೊಸ ಶೂ ಕೊಂಡಿದ್ದರೂ ಕಿಟ್‌ಗಿಂತ ಬಹಳ ಕಡಿಮೆಯಲ್ಲೇ ಮುಗಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯ, ಈ ಶರ್ಟು ಪ್ಯಾಂಟು ಕೆಲಸ ಸಿಕ್ಕ ಮೇಲೆ ದಿನಾ ಹಾಕಬಹುದು. ಬ್ಲೇಜರನ್ನು ಎಲ್ಲಿ ಹಾಕುತ್ತೀರಿ? ಆ ಹುಡುಗನ ಬ್ಲೇಜರ್ ಈಗ ಅವನ ಅಕ್ಕನ ಮದುವೆಯ ಫೋಟೋದಲ್ಲಿದೆ, ಅಷ್ಟೇ.

ಇನ್ನು ಮುಖದ ಮಾತು. ಇಲ್ಲಿ ನಮಗೆ ಇನ್ನೂ ಹೆಚ್ಚು ಸಿಟ್ಟಿದೆ. ಅದೇ ತರಗತಿಯಲ್ಲಿ ಒಬ್ಬ ಹುಡುಗಿಗೆ "ಸ್ವಲ್ಪ ಬ್ರೈಟ್ ಆಗಿ ಕಾಣಬೇಕು ಕಣಮ್ಮ" ಅಂತ ಹೇಳಿ ಕಳಿಸಿದ್ದರು. ಅವಳು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದು ಹಚ್ಚಲು ಶುರು ಮಾಡಿದಳು. ಬೆಳ್ಳಗಾಗಲು ಅಂತ ಕೈಯಿಂದ ಕೈಗೆ ಹೋಗುವ ಇಂಥ ಟ್ಯೂಬುಗಳಲ್ಲಿ ಎಷ್ಟೋ ನಿಜಕ್ಕೂ ಚರ್ಮರೋಗದ ಔಷಧಿ, ಒಳಗೆ ಸ್ಟೀರಾಯ್ಡ್ ಇರುತ್ತದೆ. ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಮೊಮೆಟಾಸೋನ್ ಅನ್ನುವ ಹೆಸರಿದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದ ಮುಲಾಮು. ಮೊದಲ ಕೆಲವು ವಾರ ಮುಖ ತಿಳಿಯಾದ ಹಾಗೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಬಿಸಿಲಿಗೆ ಹೋದರೆ ಉರಿದು, ಕೆಂಪಾಗಿ, ಮೊಡವೆ ಏಳುತ್ತದೆ. ಹಚ್ಚುವುದು ಬಿಟ್ಟರೆ ಇನ್ನೂ ಜೋರಾಗುತ್ತದೆ, ಹಾಗಾಗಿ ಬಿಡಲೂ ಆಗುವುದಿಲ್ಲ. ಈಗಾಗಲೇ ಹಚ್ಚುತ್ತಿರುವವರು ತಾವೇ ನಿಲ್ಲಿಸಿ ಕಷ್ಟಪಡುವ ಬದಲು ಚರ್ಮದ ವೈದ್ಯರಿಗೆ ಟ್ಯೂಬು ತೋರಿಸಿ. ಕೆಲಸ ಕೊಡುವವರು ಬಣ್ಣ ನೋಡುತ್ತಾರೆ ಅಂತಾದರೆ ಆ ತಪ್ಪು ಅವರದ್ದು. ಅದನ್ನು ಮಗಳ ಚರ್ಮದ ಮೇಲೆ ತೀರಿಸಬೇಡಿ.

ಮುಖಕ್ಕೆ ಬೇಕಾದದ್ದು ಬಹಳ ಕಡಿಮೆ. ಕ್ಷೌರ ಸಂದರ್ಶನಕ್ಕೆ ನಾಲ್ಕೈದು ದಿನ ಮುಂಚೆ ಮಾಡಿಸಿ, ಆ ದಿನಕ್ಕೆ ಕೂದಲು ಕೂತಿರುತ್ತದೆ. ಗಡ್ಡ ಬಿಡುವವರು ಬಿಡಿ, ಅಂಚು ಸರಿ ಮಾಡಿಸಿ. ಬೋಳಿಸುವವರು ಹಿಂದಿನ ರಾತ್ರಿ ಬೋಳಿಸಿ ಸ್ಫಟಿಕ ಸವರಿ, ಬೆಳಿಗ್ಗೆಗೆ ಗಾಯದ ಕೆಂಪು ಇಳಿದಿರುತ್ತದೆ. ತಲೆಗೆ ಎಣ್ಣೆ ಹಚ್ಚುವ ರೂಢಿ ಇದ್ದರೆ ಹಿಂದಿನ ದಿನ ಹಚ್ಚಿ ತೊಳೆದುಬಿಡಿ. ಎಣ್ಣೆ ತಪ್ಪಲ್ಲ, ಕಾಲರಿಗೆ ಹತ್ತಿದ ಕಲೆ ಮಾತ್ರ ಹೋಗುವುದಿಲ್ಲ. ಸೆಂಟು ಹೊಡೆಯದಿದ್ದರೆ ಏನೂ ನಷ್ಟವಿಲ್ಲ. ಸ್ನಾನ, ಒಗೆದ ಬನಿಯನ್ನು, ಇಷ್ಟು ಸಾಕು.

ಉಗುರಿನ ಮಾತು ಬಂದಾಗ ನಮ್ಮ ಹುಡುಗ ತಲೆ ತಗ್ಗಿಸಿದ. ನವೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲು. ಅವನು ಹದಿನೈದು ದಿನದಿಂದ ಮನೆಯಲ್ಲಿ ಸುಲಿಯಲು ಕೂತಿದ್ದ. ಹಸಿ ಅಡಿಕೆಯ ಚೊಗರು ಹತ್ತಿ ಬೆರಳೆಲ್ಲ ಕಪ್ಪು. ನಿಂಬೆಹಣ್ಣು, ಹುಣಸೆಹಣ್ಣು ಹಾಕಿ ಉಜ್ಜಿದ, ಅರ್ಧ ಹೋಯಿತು. ಉಳಿದದ್ದು ಚರ್ಮ ತಾನೇ ಕಳಚುವವರೆಗೆ ಹೋಗುವುದಿಲ್ಲ. ನಾವು ಹೇಳಿದ್ದು, ಉಗುರು ಗಿಡ್ಡಗೆ ಕತ್ತರಿಸು, ಸಂದಿಯ ಕೊಳೆ ತೆಗೆ, ಕಪ್ಪನ್ನು ಬಿಡು. ಕೊಳೆ ಬೇರೆ, ಕೆಲಸದ ಕಲೆ ಬೇರೆ. ಕೊಳೆಗೆ ನಾಚಿಕೆ ಪಡಬೇಕು, ಕಲೆಗೆ ಅಲ್ಲ.

ಹೊರಡುವ ದಿನ ಅವನು ಸಂದರ್ಶನದ ಬಟ್ಟೆ ಹಾಕಿಕೊಂಡು ಬಸ್ ಹತ್ತಲಿಲ್ಲ. ಟೀ ಶರ್ಟಿನಲ್ಲಿ ಹೋದ. ಶರ್ಟಿಗೆ ಬೆನ್ನು, ತೋಳು ಎಲ್ಲ ಸೇರಿಸಿ ಇಸ್ತ್ರಿ ಮಾಡಿಸಿ, ಮಡಿಕೆಯ ನಡುವೆ ದಪ್ಪ ಹಾಳೆ ಇಟ್ಟು, ಬ್ಯಾಗಿನಲ್ಲಿ ಎಲ್ಲದರ ಮೇಲೆ ಇಟ್ಟ. ನ್ಯೂಸ್ ಪೇಪರ್ ಇಟ್ಟರೆ ತಿಳಿ ಬಣ್ಣದ ಶರ್ಟಿಗೆ ಮಸಿ ಹತ್ತಬಹುದು, ಅದಕ್ಕೆ ಬಿಳಿ ಹಾಳೆಯೇ ಮೇಲು. ಪ್ಯಾಂಟಿಗೆ ಇಸ್ತ್ರಿ ಒಳಮೈ ಮೇಲೆ, ಅಥವಾ ಒದ್ದೆ ಬಟ್ಟೆ ಹಾಸಿ ಮಾಡಿಸಬೇಕು. ಕಡು ಬಣ್ಣದ ಬಟ್ಟೆಗೆ ನೇರವಾಗಿ ಬಿಸಿ ಇಟ್ಟರೆ ಮಂಡಿಯ ಹತ್ತಿರ ಹೊಳಪು ಬಂದು ಹಳತಾದ ಹಾಗೆ ಕಾಣುತ್ತದೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಸ್ನಾನ ಮುಗಿಸಿ, ತಿಂಡಿ ತಿಂದ ಮೇಲೆ ಶರ್ಟು ಹಾಕಿಕೊಂಡ. ತಿಂಡಿ ಮೊದಲು, ಶರ್ಟು ಆಮೇಲೆ. ಸಾಂಬಾರಿನ ಒಂದು ಹನಿಗೆ ಈ 1,800 ರೂಪಾಯಿಯೂ ನೀರುಪಾಲಾಗುತ್ತದೆ.

ಒಳಗೆ ಏನಾಯಿತು ಅಂತ ಅವನು ಫೋನಿನಲ್ಲಿ ಹೇಳಿದ. ಮಾತಾಡುವಾಗ ಅಲ್ಲಿದ್ದ ಮೇಡಂ ಒಬ್ಬರ ಕಣ್ಣು ಅವನ ಬೆರಳಿನ ಮೇಲೆ ಬಿತ್ತು. "ಕೈಗೆ ಏನಾಯ್ತು?" ಅಂದರು. "ಮೇಡಂ, ಮನೇಲಿ ಅಡಿಕೆ ಸುಲಿತಾ ಇದ್ದೆ" ಅಂದ. ಸುಲಿಯುವವರ ಕೂಲಿ ಲೆಕ್ಕ ಯಾರು ಇಡುತ್ತಾರೆ ಅಂತ ಕೇಳಿದರು. ತಾನೇ ಇಡುತ್ತೇನೆ ಅಂದ, ಹೇಗೆ ಇಡುತ್ತೇನೆ ಅಂತ ವಿವರಿಸಿದ. ಉಳಿದ ಸಮಯ ಅದರ ಮೇಲೇ ಮಾತು ನಡೆಯಿತಂತೆ. ಕೆಲಸ ಸಿಕ್ಕಿತು. ಬಟ್ಟೆಯಿಂದ ಸಿಕ್ಕಿತು ಅಂತ ನಾವು ಹೇಳುವುದಿಲ್ಲ, ಹಾಗೆ ಹೇಳಿದರೆ ಕಿಟ್ ಮಾರುವವನಿಗೂ ನಮಗೂ ವ್ಯತ್ಯಾಸ ಇರುವುದಿಲ್ಲ. ಅವನಿಗೆ ಲೆಕ್ಕ ಗೊತ್ತಿತ್ತು, ಅದಕ್ಕೆ ಸಿಕ್ಕಿತು. ಬಟ್ಟೆ ಈ ಸಲ ಅಡ್ಡ ಬರಲಿಲ್ಲ, ಅಷ್ಟೇ.

ಹುಡುಗಿಯರ ಕಡೆಗೆ ಬಂದರೆ ಮೋಸ ಇನ್ನೊಂದು ಥರದ್ದು. ಅದೇ ತರಗತಿಯಲ್ಲಿ ಅವರಿಗೆ ಪ್ಯಾಂಟು ಶರ್ಟು, ಹೀಲ್ಸ್ ಅಂತ ಹೇಳಿಕೊಟ್ಟರು. ಜೀವನದಲ್ಲಿ ಒಂದು ದಿನವೂ ಹೀಲ್ಸ್ ಹಾಕದವಳು ಸಂದರ್ಶನದ ದಿನ ಮೆಟ್ಟಿಲು ಹತ್ತಬೇಕು. ನಮ್ಮ ಮಾತು ಏನೆಂದರೆ, ಕಾಲೇಜಿಗೆ ಹಾಕಿ ರೂಢಿಯಾದ ಚೂಡಿದಾರವೇ ಸಾಕು. ಮಂಡಿಯವರೆಗೆ ಬರುವ ಟಾಪು, ತಿಳಿ ಅಥವಾ ಒಂದೇ ಬಣ್ಣದ್ದು, ತೆಳುವಾದ ಬಟ್ಟೆ ಆದರೆ ಲೈನಿಂಗ್ ಹಾಕಿಸಿದ್ದು. ಕೆಳಗೆ ನೇರ ಪ್ಯಾಂಟು, ಯಾಕೆಂದರೆ ಅಗ್ಗದ ಲೆಗ್ಗಿಂಗ್ಸ್ ಕೂತಾಗ ಮಂಡಿಯಲ್ಲಿ ಹಿಗ್ಗಿ ಒಳಗಿನದು ಕಾಣುತ್ತದೆ. ಪಕ್ಕದ ಸೀಳು ಎಲ್ಲಿಂದ ಶುರುವಾಗುತ್ತದೆ ಅಂತ ಕೂತು ನೋಡಿ, ಮೇಲಿದ್ದರೆ ಎರಡು ಇಂಚು ಹೊಲಿಸಿಬಿಡಿ. ದುಪ್ಪಟ್ಟಾಗೆ ಎರಡೂ ಭುಜದ ಮೇಲೆ ಒಳಗಿನಿಂದ ಒಂದೊಂದು ಪಿನ್ನು ಹಾಕಿದರೆ ಕೈ ಪದೇ ಪದೇ ಅಲ್ಲಿಗೆ ಹೋಗುವುದಿಲ್ಲ. ಹಿಂದೆ ಪಟ್ಟಿ ಇರುವ ಸಮತಟ್ಟು ಚಪ್ಪಲಿ ಸಾಕು. ಟಾಪು ಹೊಲಿಸುವುದೇ ಆದರೆ ಒಂದು ಜೇಬು ಇಡಿಸಿಕೊಳ್ಳಿ, ಫೋನು, ಬಸ್ ಟಿಕೆಟು, ಕರವಸ್ತ್ರ ಅದರಲ್ಲಿ ಹೋಗುತ್ತದೆ. ಸದ್ದು ಮಾಡುವ ಬಳೆ, ಗೆಜ್ಜೆ ಆ ಒಂದು ದಿನ ತೆಗೆದಿಟ್ಟರೆ ಮಾತಾಡುವಾಗ ನಿಮ್ಮ ಗಮನ ಹೋಗುವುದಿಲ್ಲ. ಕುಂಕುಮ, ತಾಳಿ, ತಲೆಯ ಮೇಲಿನ ವಸ್ತ್ರ ಇವು ಯಾವುದೂ ಅಶಿಸ್ತು ಅಲ್ಲ. ಅವನ್ನು ತೆಗೆಯಿರಿ ಅಂತ ಹೇಳಲು ಯಾವ ತರಬೇತುದಾರನಿಗೂ ಅಧಿಕಾರ ಇಲ್ಲ.

ಕೆಲಸ ಸಿಕ್ಕಿದ ಸುದ್ದಿ ಬಂದ ಕೂಡಲೇ ಎರಡನೇ ಸಲ ಲೂಟಿ ಶುರುವಾಗುತ್ತದೆ. "ಆಫೀಸಿಗೆ ಹೋಗೋನು, ಒಂದು ವಾರಕ್ಕೆ ಆಗುವಷ್ಟಾದರೂ ಬಟ್ಟೆ ಬೇಡವಾ?" ಅಂತ ಮನೆಯವರೇ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ನಾವು ಹುಡುಗನನ್ನು ತಡೆದೆವು. ಮೊದಲ ಸಂಬಳ ಬರುವುದು ತಿಂಗಳ ಕೊನೆಗೆ. ಅಲ್ಲಿಯವರೆಗೆ ಪಿ.ಜಿ. ಬಾಡಿಗೆ, ಅದರ ಮುಂಗಡ, ಬಸ್ಸು, ಊಟ ಎಲ್ಲ ಮನೆಯ ದುಡ್ಡಿನಲ್ಲೇ ನಡೆಯಬೇಕು. ಅದಕ್ಕಿಂತ ಮುಖ್ಯ, ಆ ಆಫೀಸಿನಲ್ಲಿ ಜನ ಏನು ಹಾಕುತ್ತಾರೆ ಅಂತ ನಿಮಗೆ ಗೊತ್ತೇ ಇಲ್ಲ. ಕೆಲವು ಕಡೆ ಸಮವಸ್ತ್ರ ಕೊಡುತ್ತಾರೆ, ಅದರ ದುಡ್ಡು ಸಂಬಳದಲ್ಲಿ ಹಿಡಿಯುತ್ತಾರಾ ಅಂತ ಸೇರುವ ಮುಂಚೆಯೇ ಕೇಳಿ. ಕೆಲವು ಕಡೆ ಎಲ್ಲರೂ ಸಾದಾ ಟೀ ಶರ್ಟಿನಲ್ಲಿ ಬರುತ್ತಾರೆ.

ನಮ್ಮ ಲೆಕ್ಕ ಮೂರು ಶರ್ಟು, ಎರಡು ಪ್ಯಾಂಟು. ಸಂದರ್ಶನದ ಶರ್ಟು ಒಂದು, ಮನೆಯಲ್ಲಿ ಇದ್ದ ಕಾಲೇಜಿನ ಎರಡು ಶರ್ಟನ್ನು ದರ್ಜಿಯ ಹತ್ತಿರ ಸರಿ ಮಾಡಿಸಿದ್ದು. ಹೊಸದಾಗಿ ಕೊಂಡದ್ದು ಇನ್ನೊಂದು ಪ್ಯಾಂಟು ಮಾತ್ರ. ವಾರಕ್ಕೆ ಆರು ದಿನ ಕೆಲಸ ಅಂದರೆ ಒಂದೊಂದು ಶರ್ಟು ಎರಡು ಸಲ. ದಿನಾ ರಾತ್ರಿ ಆವತ್ತಿನದನ್ನು ಒಗೆದು ಹಾಕಿದರೆ ಮೂರನೇ ದಿನಕ್ಕೆ ಒಣಗಿರುತ್ತದೆ. ಪ್ಯಾಂಟನ್ನು ದಿನಾ ಒಗೆಯಬೇಕಾಗಿಲ್ಲ, ಬಂದ ಕೂಡಲೇ ಹ್ಯಾಂಗರಿಗೆ ಹಾಕಿ ಗಾಳಿಗೆ ಬಿಟ್ಟರೆ ಎರಡು ಮೂರು ದಿನ ನಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಪಿ.ಜಿ.ಯ ಕೋಣೆಯಲ್ಲಿ ಬಟ್ಟೆ ಒಣಗಲು ಎರಡು ದಿನ ದಾಟಿ, ಅರ್ಧ ಒಣಗಿದ್ದಕ್ಕೆ ಮುಗ್ಗು ವಾಸನೆ ಬರುತ್ತದೆ. ಮೊದಲ ಸಂಬಳದಲ್ಲಿ ಕೊಳ್ಳಬೇಕಾದ ನಾಲ್ಕನೇ ಶರ್ಟು ಅದಕ್ಕೆ. ಶರ್ಟು ಮೊದಲು ಹಾಳಾಗುವುದು ಕಾಲರು ಮತ್ತು ಕಫ್ಫಿನಲ್ಲಿ. ಅಲ್ಲಿಗೆ ಸೋಪಿನ ಬಾರನ್ನು ಒಣಗಿದ್ದಾಗಲೇ ಸವರಿ, ಹತ್ತು ನಿಮಿಷ ಬಿಟ್ಟು ಆಮೇಲೆ ನೆನೆಸಿದರೆ ಬ್ರಷ್ಷಿನಲ್ಲಿ ತಿಕ್ಕಿ ದಾರ ಹರಿಯುವುದು ತಪ್ಪುತ್ತದೆ.

ಈಗ ನಮ್ಮ ತಕರಾರು ಯಾರ ಮೇಲೆ ಅಂತ ನೇರವಾಗಿ ಹೇಳುತ್ತೇವೆ. ಕರೆ ಪತ್ರದಲ್ಲಿ "ಫಾರ್ಮಲ್ಸ್‌ನಲ್ಲಿ ಬನ್ನಿ" ಅಂತ ಒಂದು ಪದ ಬರೆದು ಕೈ ತೊಳೆದುಕೊಳ್ಳುವ ಕಂಪನಿಗಳಿಗೆ: ಆ ಪದದ ಅರ್ಥ ನಿಮ್ಮ ಪಟ್ಟಣದ ಅಭ್ಯರ್ಥಿಗೆ ಗೊತ್ತಿದೆ, ನಮ್ಮ ಹುಡುಗನಿಗೆ ಅದನ್ನು ಅಂಗಡಿಯವನು ಹೇಳಿಕೊಡುತ್ತಾನೆ. "ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು ಅಥವಾ ಚೂಡಿದಾರ, ಸೀರೆ ಸಾಕು, ಕೋಟು ಬೇಡ" ಅಂತ ಒಂದು ಸಾಲು ಬರೆದರೆ ಒಂದು ಮನೆಯ ಕಂತು ಉಳಿಯುತ್ತದೆ. ತರಬೇತಿ ಸಂಸ್ಥೆಗಳಿಗೆ: ಪಾಠ ಹೇಳುವವರೇ ಕೌಂಟರಿನಲ್ಲಿ ಬಟ್ಟೆ ಮಾರಬಾರದು. ಹುಡುಗರ ಬಟ್ಟೆಯ ಬಗ್ಗೆ ನಿಜಕ್ಕೂ ಕಾಳಜಿ ಇದ್ದರೆ ಒಂದು ದಿನ ದರ್ಜಿಯನ್ನು ಕರೆಸಿ, ಹುಡುಗರು ಮನೆಯಿಂದ ತಂದ ಶರ್ಟನ್ನೇ ಅಳತೆಗೆ ಸರಿ ಮಾಡಿಸಿ ಕೊಡಿ. ನಲವತ್ತು ಶರ್ಟಿಗೆ 70 ರೂಪಾಯಿಯಂತೆ 2,800 ಆಗುತ್ತದೆ. ಒಬ್ಬ ಹುಡುಗನಿಗೆ ನೀವು ಮಾರುವ ಒಂದು ಕಿಟ್‌ಗಿಂತ ಕಡಿಮೆ.

ಇನ್ನು ಮನೆಯವರಿಗೆ. ಯಾರಾದರೂ "ಹಳ್ಳಿಯವರು ಅಂತ ಗೊತ್ತಾಗಬಾರದು" ಅಂದರೆ ಅಲ್ಲಿಂದ ಎದ್ದು ಬನ್ನಿ, ಯಾಕೆಂದರೆ ಮುಂದಿನ ಮಾತು ದುಡ್ಡಿನದ್ದೇ ಆಗಿರುತ್ತದೆ. ಮಗ ಹೊರಟಿದ್ದರೆ ಅವನಿಗೆ ಶೂ ಹಾಕಿಸಿ ದರ್ಜಿಯ ಹತ್ತಿರ ಕರೆದುಕೊಂಡು ಹೋಗಿ. ಉಳಿದ ದುಡ್ಡನ್ನು ಸೊಸೈಟಿಗೆ ಕಟ್ಟಿ.